ಐದು ರೂಪಾಯಿ ಪೊಟ್ಟಣದ ಮೇಲೆ ಆರು ಒತ್ತಡಗಳು

ಪೆಸ್ಟಲ್ ವಿಶ್ಲೇಷಣೆ ಎಂದರೆ ಒಂದು ಉದ್ಯಮದ ಮೇಲೆ ಹೊರಗಿನಿಂದ ಬೀಳುವ ಒತ್ತಡಗಳನ್ನು ಆರು ಗುಂಪುಗಳಲ್ಲಿ ನೋಡಿ, ಪ್ರತಿಯೊಂದರಿಂದ ವ್ಯಾಪಾರಕ್ಕೆ ಏನಾಗುತ್ತದೆ ಎಂದು ಲೆಕ್ಕ ಹಾಕುವ ಕ್ರಮ. ರಾಜಕೀಯ, ಆರ್ಥಿಕ, ಸಾಮಾಜಿಕ, ತಾಂತ್ರಿಕ, ಕಾನೂನು ಮತ್ತು ಪರಿಸರ ಎಂಬ ಆರು ಅಂಶಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳಿಂದ ಈ ಹೆಸರು ಬಂದಿದೆ. ಹಾರ್ವರ್ಡ್‌ನ ಪ್ರಾಧ್ಯಾಪಕ ಫ್ರಾನ್ಸಿಸ್ ಅಗಿಲಾರ್ 1967ರಲ್ಲಿ ಬರೆದ ಪುಸ್ತಕದಲ್ಲಿ ಇವುಗಳಲ್ಲಿ ನಾಲ್ಕು ಮಾತ್ರ ಇದ್ದವು. ಕಾನೂನು ಮತ್ತು ಪರಿಸರ ಆಮೇಲೆ ಸೇರಿಕೊಂಡವು.

ಈ ವಿಧಾನವನ್ನು ಬಳಸುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಆರು ತಲೆಬರಹಗಳ ಕೆಳಗೆ ಸುದ್ದಿಗಳನ್ನು ತುಂಬಿ ನಿಲ್ಲಿಸಿಬಿಡುತ್ತಾರೆ. 'ಸರ್ಕಾರದ ನೀತಿ ಬದಲಾಗುತ್ತಿದೆ', 'ಜನರಲ್ಲಿ ಆರೋಗ್ಯದ ಅರಿವು ಹೆಚ್ಚುತ್ತಿದೆ' ಎಂಬ ವಾಕ್ಯಗಳಿಂದ ಕಂಪನಿಯ ಯಾವ ವಿಭಾಗಕ್ಕೂ ಕೆಲಸ ಹುಟ್ಟುವುದಿಲ್ಲ. ಒಂದು ಅಂಶ ವಿಶ್ಲೇಷಣೆಯಲ್ಲಿ ಸೇರಬೇಕಾದರೆ ಅದು ಬೆಲೆ, ತೂಕ, ಪಾಕ, ಪೊಟ್ಟಣ, ಲೇಬಲ್ ಅಥವಾ ಸಾಗಣೆ, ಇವುಗಳಲ್ಲಿ ಯಾವುದನ್ನಾದರೂ ಮುಟ್ಟಲೇಬೇಕು. ಭಾರತದ ಪೊಟ್ಟಣ ಆಹಾರ ಉದ್ಯಮದಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದು. ಬಿಸ್ಕತ್ತು, ನೂಡಲ್ಸ್, ಚಿಪ್ಸ್, ದೋಸೆ ಹಿಟ್ಟು, ಡಬ್ಬಿ ಹಣ್ಣಿನ ರಸ ಇವೆಲ್ಲ ಕಡಿಮೆ ಬೆಲೆಯ, ಭಾರೀ ಪ್ರಮಾಣದ ಸರಕುಗಳು. ಒಂದೊಂದು ಪೊಟ್ಟಣದಲ್ಲಿ ಉಳಿಯುವುದು ಕೆಲವೇ ಪೈಸೆಗಳಾದ್ದರಿಂದ ಹೊರಗಿನ ಸಣ್ಣ ಬದಲಾವಣೆಯೂ ಒಳಗಿನ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ.

ರಾಜಕೀಯ ಅಂಶ ಎಂದರೆ ಚುನಾವಣೆ, ಪಕ್ಷಗಳು ಎಂದಷ್ಟೇ ಅಲ್ಲ. ಸರ್ಕಾರಗಳು ಗಡಿಯಲ್ಲಿ, ಬೆಲೆಯ ಮೇಲೆ, ಸಬ್ಸಿಡಿಯ ರೂಪದಲ್ಲಿ ಮಾಡುವ ತೀರ್ಮಾನಗಳೆಲ್ಲ ಇದರಲ್ಲಿ ಬರುತ್ತವೆ. ಬೆಂಗಳೂರಿನ ಎಂಟಿಆರ್‌ನ ಚರಿತ್ರೆಯೇ ಇದಕ್ಕೆ ಒಳ್ಳೆಯ ಸಾಕ್ಷಿ. 1924ರಲ್ಲಿ ಶುರುವಾದ ಆ ಹೋಟೆಲು ತುರ್ತು ಪರಿಸ್ಥಿತಿಯ ಕಾಲದಲ್ಲಿ ಇಕ್ಕಟ್ಟಿಗೆ ಸಿಕ್ಕಿತು. ಹೋಟೆಲ್ ತಿಂಡಿಗಳ ದರವನ್ನು ಸರ್ಕಾರ ನಿಗದಿ ಮಾಡಿತು. ಆ ದರಕ್ಕೆ ಹಳೆಯ ಗುಣಮಟ್ಟದ ತಿಂಡಿ ಕೊಡುವುದು ಸಾಧ್ಯವಿರಲಿಲ್ಲ. ಗುಣಮಟ್ಟ ಇಳಿಸಲು ಒಪ್ಪದ ಮಾಲೀಕರು ಹೋಟೆಲನ್ನೇ ಮುಚ್ಚಿ, ಕೆಲಸಗಾರರನ್ನು ಉಳಿಸಿಕೊಳ್ಳಲು ಮಸಾಲೆ ಪುಡಿ ಮತ್ತು ದಿಢೀರ್ ತಿಂಡಿ ಮಿಶ್ರಣಗಳ ತಯಾರಿಕೆಗೆ ಇಳಿದರು. ದರ ನಿಯಂತ್ರಣ ಇದ್ದದ್ದು ತಟ್ಟೆಯಲ್ಲಿ ಬಡಿಸುವ ತಿಂಡಿಗೆ. ಪೊಟ್ಟಣಕ್ಕೆ ಅದು ತಾಗಲಿಲ್ಲ. ಮುಂದೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡದ್ದು ಈ ಪೊಟ್ಟಣದ ವ್ಯಾಪಾರವನ್ನೇ. ಒಂದು ರಾಜಕೀಯ ಆಜ್ಞೆಯಿಂದ ಒಂದು ವ್ಯಾಪಾರ ನಿಂತು ಇನ್ನೊಂದು ಹುಟ್ಟಿದ ಈ ಪ್ರಸಂಗದಲ್ಲಿ ಕಾರಣವೂ ಪರಿಣಾಮವೂ ಒಂದರ ಪಕ್ಕ ಒಂದು ಕಾಣುತ್ತವೆ.

ಇಂದಿನ ಕಂಪನಿಗಳಿಗೆ ಹೆಚ್ಚು ಅಪಾಯ ತರುವ ರಾಜಕೀಯ ತೀರ್ಮಾನ ದಿಲ್ಲಿಯಲ್ಲೇ ಆಗಬೇಕೆಂದಿಲ್ಲ. ಬಿಸ್ಕತ್ತು, ನೂಡಲ್ಸ್, ಕುರುಕಲು ತಿಂಡಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ತಾಳೆ ಎಣ್ಣೆ. ಅಗ್ಗ ಎಂಬುದು ಒಂದು ಕಾರಣ. ಕರಿದ ತಿಂಡಿ ಬೇಗ ಕಮಟು ಹಿಡಿಯದಂತೆ ಅದು ತಡೆಯುತ್ತದೆ ಎಂಬುದು ಇನ್ನೊಂದು. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಜಗತ್ತಿನ ತಾಳೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಇಂಡೊನೇಷ್ಯಾ ಒಂದರಿಂದಲೇ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆಯ ಹಡಗುಗಳು ನಿಂತಾಗ ಎಲ್ಲರೂ ತಾಳೆ ಎಣ್ಣೆಯತ್ತ ತಿರುಗಿದರು. ಇಂಡೊನೇಷ್ಯಾದಲ್ಲೇ ಅಡುಗೆ ಎಣ್ಣೆಯ ಬೆಲೆ ಏರಿ ಜನ ಸಿಟ್ಟಾದರು. ಅಲ್ಲಿನ ಸರ್ಕಾರ ಏಪ್ರಿಲ್ 28ರಿಂದ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಮೇ 23ಕ್ಕೆ ನಿಷೇಧ ತೆರವಾಯಿತು. ಒಂದು ತಿಂಗಳೂ ನಡೆಯದ ಆ ನಿಷೇಧ, ಜಕಾರ್ತದ ಅಡುಗೆಮನೆಯ ರಾಜಕೀಯ ತುಮಕೂರಿನ ಕಿರಾಣಿ ಅಂಗಡಿಯ ಪೊಟ್ಟಣವನ್ನು ಹೇಗೆ ತಲುಪುತ್ತದೆ ಎಂದು ತೋರಿಸಿಕೊಟ್ಟಿತು.

ಇದರ ಜೊತೆಗೆ ಭಾರತದ ಆಮದು ಸುಂಕವೂ ಸೇರುತ್ತದೆ. ಎಣ್ಣೆಕಾಳು ಬೆಳೆಯುವ ರೈತರಿಗೆ ಬೆಲೆ ಸಿಗಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಖಾದ್ಯ ತೈಲಗಳ ಮೇಲಿನ ಒಟ್ಟು ಸುಂಕವನ್ನು ಸರ್ಕಾರ ಶೇ 5.5ರಿಂದ ಶೇ 27.5ಕ್ಕೆ ಏರಿಸಿತು. ಬೆಲೆಯೇರಿಕೆಯ ಬಿಸಿ ತಟ್ಟಿದ ಮೇಲೆ 2025ರ ಮೇ ಕೊನೆಯಲ್ಲಿ ಅದನ್ನು ಶೇ 16.5ಕ್ಕೆ ಇಳಿಸಿತು. ರೈತ ಮತ್ತು ಗ್ರಾಹಕ, ಈ ಇಬ್ಬರ ನಡುವೆ ಸರ್ಕಾರ ಸಮತೋಲನ ಹುಡುಕುವಾಗ ಮಧ್ಯದಲ್ಲಿ ನಿಂತ ತಯಾರಕನ ಖರೀದಿ ವೆಚ್ಚ ವರ್ಷದೊಳಗೆ ಎರಡು ಸಲ ಬದಲಾಯಿತು. ಆದ್ದರಿಂದಲೇ ದೊಡ್ಡ ಕಂಪನಿಗಳು ಎಣ್ಣೆಯನ್ನು ತಿಂಗಳುಗಳ ಮುಂಚೆಯೇ ಗೊತ್ತಾದ ದರಕ್ಕೆ ಕಾಯ್ದಿರಿಸುತ್ತವೆ. ಅಷ್ಟು ಬಂಡವಾಳವಿಲ್ಲದ ಸಣ್ಣ ಬೇಕರಿ, ಚಕ್ಕುಲಿ ಕೋಡುಬಳೆ ತಯಾರಕರು ಆಯಾ ವಾರದ ದರಕ್ಕೆ ಕೊಳ್ಳಬೇಕಾಗುತ್ತದೆ. ಒಂದೇ ರಾಜಕೀಯ ಅಂಶ ದೊಡ್ಡವರಿಗೂ ಸಣ್ಣವರಿಗೂ ಒಂದೇ ತೂಕದಲ್ಲಿ ಬೀಳುವುದಿಲ್ಲ.

ಎಣ್ಣೆ ತುಟ್ಟಿಯಾದರೆ ಕಂಪನಿ ಏನು ಮಾಡುತ್ತದೆ ಎಂಬಲ್ಲಿಂದ ಆರ್ಥಿಕ ಅಂಶ ಶುರುವಾಗುತ್ತದೆ. ಸಾಮಾನ್ಯ ಸರಕಿನಲ್ಲಾದರೆ ಬೆಲೆ ಏರಿಸಬಹುದು. ಐದು ರೂಪಾಯಿಯ ಪೊಟ್ಟಣದಲ್ಲಿ ಅದು ಆಗದು. ಹಳ್ಳಿಯ ಅಂಗಡಿಯಲ್ಲಿ ಮಗು ಒಂದು ನಾಣ್ಯ ಕೊಟ್ಟು ಕೊಳ್ಳುವ ಬಿಸ್ಕತ್ತಿಗೆ ಐದೂವರೆ ರೂಪಾಯಿ ಎಂದರೆ ಚಿಲ್ಲರೆಯೇ ಇರುವುದಿಲ್ಲ. ಆರು ರೂಪಾಯಿ ಎಂದರೆ ಪಕ್ಕದ ಕಂಪನಿಯ ಐದು ರೂಪಾಯಿ ಪೊಟ್ಟಣ ಕೈಗೆ ಬರುತ್ತದೆ. ಹಾಗಾಗಿ ಬೆಲೆ ನಿಂತಲ್ಲೇ ನಿಲ್ಲುತ್ತದೆ, ಬದಲಾಗುವುದು ತೂಕ.

ಒಂದು ಲೆಕ್ಕ ಮಾಡಿ ನೋಡಿದರೆ ಇದು ಅರ್ಥವಾಗುತ್ತದೆ. ಇಲ್ಲಿನ ದರಗಳು ತಿಳಿವಳಿಕೆಗಾಗಿ ಊಹಿಸಿಕೊಂಡವು. 50 ಗ್ರಾಂ ಬಿಸ್ಕತ್ತಿಗೆ 32 ಗ್ರಾಂ ಮೈದಾ, 10 ಗ್ರಾಂ ಸಕ್ಕರೆ, 8 ಗ್ರಾಂ ಎಣ್ಣೆ ಹಾಕುತ್ತಾರೆ ಎಂದುಕೊಳ್ಳೋಣ. ಮೈದಾ ಕಿಲೋಗೆ 30 ರೂಪಾಯಿ, ಸಕ್ಕರೆ 40, ಎಣ್ಣೆ 100 ಇದ್ದರೆ ಈ ಮೂರರ ವೆಚ್ಚ ಕ್ರಮವಾಗಿ 96 ಪೈಸೆ, 40 ಪೈಸೆ, 80 ಪೈಸೆ, ಒಟ್ಟು 2 ರೂಪಾಯಿ 16 ಪೈಸೆ. ಉಳಿದ ಮೊತ್ತದಲ್ಲಿ ತೆರಿಗೆ, ಅಂಗಡಿಯವರ ಮತ್ತು ವಿತರಕರ ಪಾಲು, ಪೊಟ್ಟಣ, ಇಂಧನ, ಸಂಬಳ, ಲಾಭ ಎಲ್ಲ ಹೊಂದಬೇಕು. ಎಣ್ಣೆ 150 ರೂಪಾಯಿಗೆ ಏರಿತು ಎಂದರೆ ಪದಾರ್ಥಗಳ ವೆಚ್ಚ 2 ರೂಪಾಯಿ 56 ಪೈಸೆಯಾಗುತ್ತದೆ. ಹಳೆಯ 2 ರೂಪಾಯಿ 16 ಪೈಸೆಯೊಳಗೇ ಇರಬೇಕಾದರೆ ಪೊಟ್ಟಣದಲ್ಲಿ 42 ಗ್ರಾಂ ಮಾತ್ರ ತುಂಬಬೇಕು. ಕೊಳ್ಳುವವರ ಕಣ್ಣಿಗೆ ಬೆಲೆ ಅದೇ ಐದು ರೂಪಾಯಿ. ಆದರೆ ಪ್ರತಿ ಗ್ರಾಂ ಬಿಸ್ಕತ್ತು ಸುಮಾರು ಐದನೇ ಒಂದು ಭಾಗ ದುಬಾರಿಯಾಗಿರುತ್ತದೆ.

ಈ ದಾರಿಗೂ ಒಂದು ಮಿತಿ ಇದೆ. ತೂಕ ಇಳಿಯುತ್ತಾ ಹೋದರೆ ಒಂದು ಹಂತದಲ್ಲಿ ಪೊಟ್ಟಣ ಕೈಗೆ ಬರಿದೆನಿಸುತ್ತದೆ. ಪ್ಲಾಸ್ಟಿಕ್ ಹಾಳೆಯ ವೆಚ್ಚವಾಗಲಿ ಸಾಗಣೆಯ ವೆಚ್ಚವಾಗಲಿ ತೂಕದಷ್ಟೇ ಇಳಿಯುವುದಿಲ್ಲ. ಆಗ ಕಂಪನಿ ಐದರಿಂದ ಹತ್ತು ರೂಪಾಯಿಗೆ ಜಿಗಿಯಬೇಕು, ಇಲ್ಲವೇ ಆ ಸರಕನ್ನು ಕೈಬಿಡಬೇಕು. ಗ್ರಾಹಕರಿಗೆ ಇದು ಗೊತ್ತಾಗಬೇಕೆಂಬ ಉದ್ದೇಶದಿಂದ ತೂಕ ಮತ್ತು ಅಳತೆಯ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂತು. ಬಿಸ್ಕತ್ತು, ಚಹಾ ಪುಡಿ ಮೊದಲಾದ ಸರಕುಗಳನ್ನು ಇಂತಿಂಥ ತೂಕದಲ್ಲೇ ಮಾರಬೇಕೆಂಬ ಹಳೆಯ ಪಟ್ಟಿ ಹೋಯಿತು. ಅದರ ಬದಲು ಗ್ರಾಂ ಅಥವಾ ಕಿಲೋ ಲೆಕ್ಕದ ಬೆಲೆಯನ್ನು ಪೊಟ್ಟಣದ ಮೇಲೆ ಮುದ್ರಿಸುವ ನಿಯಮ ಬಂತು. ತೂಕ ಬದಲಿಸುವ ಸ್ವಾತಂತ್ರ್ಯ ಕಂಪನಿಗೆ ಸಿಕ್ಕಿತು, ಬದಲಾವಣೆಯನ್ನು ಹಿಡಿಯುವ ಸಾಧನ ಗ್ರಾಹಕರಿಗೆ ಸಿಕ್ಕಿತು. ಎರಡು ಪೊಟ್ಟಣಗಳನ್ನು ಹೋಲಿಸುವಾಗ ದೊಡ್ಡದಾಗಿ ಅಚ್ಚಾದ ಬೆಲೆಗಿಂತ ಈ ಸಣ್ಣ ಅಂಕಿಯನ್ನು ಓದುವುದು ಹೆಚ್ಚು ಉಪಯುಕ್ತ.

ತೆರಿಗೆಯೂ ಇದೇ ಬಿಗಿಯಾದ ಲೆಕ್ಕಕ್ಕೆ ಬಂದು ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಇಳಿಕೆಯನ್ನು ಪೂರ್ತಿ ದಾಟಿಸಿದರೆ ಐದು ರೂಪಾಯಿಯ ಪೊಟ್ಟಣದ ಬೆಲೆ 4 ರೂಪಾಯಿ 45 ಪೈಸೆಯಾಗುತ್ತದೆ. ಆ ಬೆಲೆಗೆ ಚಿಲ್ಲರೆ ಇಲ್ಲ. ಅದಕ್ಕೇ ಸಣ್ಣ ಪೊಟ್ಟಣಗಳಲ್ಲಿ ಹಲವು ಕಂಪನಿಗಳು ಬೆಲೆಯನ್ನು ಹಾಗೇ ಬಿಟ್ಟು ತೂಕ ಹೆಚ್ಚಿಸುವ ದಾರಿ ಹಿಡಿದವು. ತೂಕ ಬದಲಾದರೆ ಪೊಟ್ಟಣದ ಅಚ್ಚು ಬದಲಾಗಬೇಕು, ತುಂಬುವ ಯಂತ್ರವನ್ನು ಮತ್ತೆ ಹೊಂದಿಸಬೇಕು, ಅಂಗಡಿಯಲ್ಲಿ ಉಳಿದ ಹಳೆಯ ದಾಸ್ತಾನಿಗೆ ಒಂದು ವ್ಯವಸ್ಥೆ ಮಾಡಬೇಕು. ತೆರಿಗೆ ಇಳಿದದ್ದು ಒಂದು ದಿನದಲ್ಲಿ, ಅದನ್ನು ಪೊಟ್ಟಣಕ್ಕೆ ತಲುಪಿಸುವ ಕೆಲಸಕ್ಕೆ ವಾರಗಳು ಬೇಕಾದವು.

ತೆರಿಗೆಯಲ್ಲಿ ದರದಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ವರ್ಗೀಕರಣದ್ದು. ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ ತನ್ನ ಗೋಧಿ ಪರೋಟ ಮತ್ತು ಮಲಬಾರ್ ಪರೋಟಗಳು ರೊಟ್ಟಿ, ಚಪಾತಿಯ ಸಾಲಿಗೆ ಸೇರುತ್ತವೆಯೇ ಎಂದು ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. ಸೇರುವುದಿಲ್ಲ, ತಿನ್ನುವ ಮುಂಚೆ ಮತ್ತೆ ಬಿಸಿ ಮಾಡಬೇಕು ಎಂದು 2020ರಲ್ಲಿ ಪ್ರಾಧಿಕಾರ ಹೇಳಿತು. ಚಪಾತಿಗೆ ಶೇ 5, ಪರೋಟಕ್ಕೆ ಶೇ 18. ಎರಡೂ ಹಿಟ್ಟಿನಿಂದ ಮಾಡಿ ಕಾವಲಿಯ ಮೇಲೆ ಬೇಯಿಸಿದವೇ ಆದರೂ ನಡುವೆ ನೂರು ರೂಪಾಯಿಗೆ ಹದಿಮೂರು ರೂಪಾಯಿಯ ಅಂತರ ಬಿತ್ತು. 2025ರ ಬದಲಾವಣೆಯಲ್ಲಿ ಯಾವ ಹೆಸರಿನ ಪರೋಟವಾದರೂ ತೆರಿಗೆ ಇಲ್ಲ ಎಂದಾಯಿತು. ಹೊಸ ತಿನಿಸೊಂದನ್ನು ಮಾರುಕಟ್ಟೆಗೆ ಬಿಡುವ ಕಂಪನಿ ಅದರ ರುಚಿಯ ಜೊತೆಗೆ ತೆರಿಗೆ ಪಟ್ಟಿಯಲ್ಲಿ ಅದು ಯಾವ ಸಾಲಿನಲ್ಲಿ ಕೂರುತ್ತದೆ ಎಂಬುದನ್ನೂ ಮೊದಲೇ ತೂಗಿ ನೋಡಬೇಕೆಂಬುದಕ್ಕೆ ಈ ಐದು ವರ್ಷಗಳ ಪರೋಟವೇ ಉದಾಹರಣೆ.

ಸಾಮಾಜಿಕ ಅಂಶದಲ್ಲಿ ಎರಡು ಪ್ರವಾಹಗಳು ಎದುರು ಬದುರು ಹರಿಯುತ್ತಿವೆ. ಮೊದಲನೆಯದು ಮನೆಯೊಳಗಿನ ಸಮಯದ ಅಭಾವ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ, ಅಜ್ಜಿ ಜೊತೆಗಿಲ್ಲದ ನಗರದ ಮನೆಯಲ್ಲಿ ರಾತ್ರಿ ಅಕ್ಕಿ ಉದ್ದು ನೆನೆಸಿ, ರುಬ್ಬಿ, ಹುದುಗಿಸುವುದು ಹೊರೆ. ರುಬ್ಬಿದ ಹಿಟ್ಟಿನ ಪೊಟ್ಟಣ ಮಾರುಕಟ್ಟೆ ಹಿಡಿದದ್ದು ಈ ಅಭಾವದಿಂದ. ಎರಡನೆಯದು ಆರೋಗ್ಯದ ಭಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅದೇ ವರ್ಷ ಮಕ್ಕಳ ಪೇಯವೊಂದರಲ್ಲಿರುವ ಸಕ್ಕರೆಯ ಬಗ್ಗೆ ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿದ ವಿಡಿಯೊ ದೇಶದಾದ್ಯಂತ ಚರ್ಚೆಯಾಯಿತು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ, ಆನ್‌ಲೈನ್ ಮಳಿಗೆಗಳು ಇಂಥ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ವಿಭಾಗದಲ್ಲಿ ಇಡಬಾರದು ಎಂದು ಸೂಚಿಸಿತು. ಒಂದೇ ಮನೆ ಬೇಗ ಆಗುವ ತಿಂಡಿಯನ್ನೂ ಬಯಸುತ್ತದೆ, ಅದರಲ್ಲಿ ಏನಿದೆ ಎಂದು ಅನುಮಾನದಿಂದಲೂ ನೋಡುತ್ತದೆ.

ಇದರ ವ್ಯಾಪಾರ ಪರಿಣಾಮ ಜಾಹೀರಾತಿನ ವಿಭಾಗಕ್ಕಿಂತ ಹೆಚ್ಚಾಗಿ ಪಾಕ ತಯಾರಿಸುವವರ ಮೇಲೆ ಬೀಳುತ್ತದೆ. ಬಿಸ್ಕತ್ತಿನಲ್ಲಿ ಸಕ್ಕರೆ ಕಡಿಮೆ ಮಾಡುವುದು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಷ್ಟು ಸುಲಭವಲ್ಲ. ಸಕ್ಕರೆ ಅಲ್ಲಿ ಸಿಹಿಯ ಜೊತೆಗೆ ಗರಿಗರಿತನ, ಕಂದು ಬಣ್ಣ ಮತ್ತು ಗಾತ್ರವನ್ನು ಕೊಡುತ್ತದೆ. ಜಾಮ್‌ನಲ್ಲಾದರೆ ಅದೇ ಸಕ್ಕರೆ ನೀರನ್ನು ಹಿಡಿದಿಟ್ಟು ಬೂಸ್ಟು ಬೆಳೆಯದಂತೆ ಕಾಯುತ್ತದೆ. ಸಕ್ಕರೆ ತೆಗೆದರೆ ಈ ಕೆಲಸಗಳನ್ನೆಲ್ಲ ಬೇರೆ ಬೇರೆ ಪದಾರ್ಥಗಳಿಂದ ಮಾಡಿಸಬೇಕು, ಪದಾರ್ಥಗಳ ಪಟ್ಟಿ ಉದ್ದವಾಗುತ್ತದೆ. ಆ ಉದ್ದದ ಪಟ್ಟಿ ನೋಡಿ ಗ್ರಾಹಕರು ಮತ್ತೆ ಹೆದರುತ್ತಾರೆ. ಇದನ್ನು ತಪ್ಪಿಸಲು ಕೆಲವರು ಪಾಕವನ್ನು ಮುಟ್ಟದೆ ಪೊಟ್ಟಣದ ಮಾತನ್ನು ಮಾತ್ರ ಬದಲಿಸುತ್ತಾರೆ. ಆ ದಾರಿ ಈಗ ಮುಚ್ಚುತ್ತಿದೆ. ನೀರು ಬೆರೆಸಿದ ಸಾರದಿಂದ ಮಾಡಿದ ರಸಕ್ಕೆ 'ಶೇ 100 ಹಣ್ಣಿನ ರಸ' ಎಂದು ಹೇಳಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ಆದೇಶಿಸಿತು. ಪಾಕವನ್ನೇ ಸರಿಪಡಿಸುವ ಕಂಪನಿಗೆ ವೆಚ್ಚ ಹೆಚ್ಚು, ಆದರೆ ಮುಂದಿನ ಆದೇಶಕ್ಕೆ ಅದು ಹೆದರಬೇಕಾಗಿಲ್ಲ.

ತಾಂತ್ರಿಕ ಅಂಶದ ಮಟ್ಟಿಗೆ ಮೈಸೂರು ಬಲು ಮುಖ್ಯ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಮತ್ತು ಸೈನಿಕರ ಆಹಾರಕ್ಕಾಗಿ ಹುಟ್ಟಿದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಈ ಎರಡೂ ಇರುವುದು ಅಲ್ಲಿಯೇ. ಗಡಿಯಲ್ಲಿರುವ ಯೋಧನಿಗೆ ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಕೆಡದ ಊಟ ಕೊಡಬೇಕೆಂದು ಪ್ರಯೋಗಾಲಯ ಬೆಳೆಸಿದ ರಿಟಾರ್ಟ್ ಪೌಚ್ ತಂತ್ರವನ್ನು ಎಂಟಿಆರ್ ಮೊದಲಾದ ಕಂಪನಿಗಳು ಪಡೆದುಕೊಂಡವು. ಬಿಸಿಬೇಳೆಬಾತು ಅಥವಾ ಪಾಲಕ್ ಪನೀರನ್ನು ಪದರ ಪದರದ ಚೀಲದಲ್ಲಿ ತುಂಬಿ, ಬಾಯಿ ಬೆಸೆದು, ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ನೀರು ಕುದಿಯುವ 100 ಡಿಗ್ರಿಯಲ್ಲಿ ಸಾಯದ, ಗಾಳಿಯಿಲ್ಲದ ಚೀಲದೊಳಗೆ ಮಾರಕ ವಿಷ ಹುಟ್ಟಿಸಬಲ್ಲ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕೊಲ್ಲಲು ಇಷ್ಟು ಶಾಖ ಬೇಕು. ಶಾಖ ಚೀಲದ ನಟ್ಟನಡುವಿನ ತುತ್ತಿಗೂ ಮುಟ್ಟಬೇಕು. ಅದಕ್ಕಾಗಿಯೇ ಚೀಲ ಚಪ್ಪಟೆಯಾಗಿರುತ್ತದೆ. ಬೆಸುಗೆಯ ಅಂಚಿನಲ್ಲಿ ಒಂದು ಅಗುಳು ಸಿಕ್ಕಿಕೊಂಡರೂ ಗಾಳಿ ನುಸುಳುತ್ತದೆ. ಉಬ್ಬಿದ ಚೀಲ ಕಂಡರೆ ಒಳಗೆ ಸೂಕ್ಷ್ಮಜೀವಿ ಬೆಳೆಯುತ್ತಿದೆ ಎಂದು ತಿಳಿದು ಎಸೆಯಬೇಕು, ರುಚಿ ನೋಡಬಾರದು.

ಈ ತಂತ್ರದ ವ್ಯಾಪಾರ ಫಲ ದೊಡ್ಡದು. ಸಾಮಾನ್ಯ ಉಷ್ಣತೆಯಲ್ಲೇ ವರ್ಷದವರೆಗೆ ಉಳಿಯುವ ಊಟವನ್ನು ಹಡಗಿನಲ್ಲಿ ಕಳಿಸಬಹುದು. ಅಮೆರಿಕದಲ್ಲಿರುವ ಕನ್ನಡಿಗರ ಮನೆಯಲ್ಲಿ ಬಿಸಿಬೇಳೆಬಾತಿನ ಪೊಟ್ಟಣ ಸಿಗುವುದು ಹೀಗೆ. ರುಬ್ಬಿದ ದೋಸೆ ಹಿಟ್ಟಿನ ಕಥೆ ಇದಕ್ಕೆ ಪೂರ್ತಿ ಬೇರೆ. ಅದು ಜೀವಂತ ಪದಾರ್ಥ, ಪೊಟ್ಟಣದೊಳಗೂ ಹುದುಗುತ್ತಲೇ ಇರುತ್ತದೆ. ಕಾರ್ಖಾನೆಯಿಂದ ಅಂಗಡಿಯ ಫ್ರಿಜ್‌ವರೆಗೆ ತಣ್ಣಗಿನ ಸರಪಳಿ ಎಲ್ಲಿಯೂ ತುಂಡಾಗಬಾರದು. ಕೆಲವೇ ದಿನಗಳ ಆಯುಸ್ಸಿನ ಆ ಹಿಟ್ಟನ್ನು ನಗರದ ಹತ್ತಿರದಲ್ಲೇ ತಯಾರಿಸಿ ನಿತ್ಯವೂ ಹಂಚಬೇಕು, ಮಾರಾಟವಾಗದ್ದನ್ನು ವಾಪಸು ಪಡೆಯಬೇಕು. ಮೊದಲನೆಯ ಕಂಪನಿಯ ಹಣ ಯಂತ್ರದಲ್ಲಿ ಹೂತಿರುತ್ತದೆ, ಎರಡನೆಯದರ ಹಣ ವಾಹನ ಮತ್ತು ವಾಪಸು ಬಂದ ಪೊಟ್ಟಣಗಳಲ್ಲಿ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಲುಪಿಸುವ ಆ್ಯಪ್‌ಗಳು ಬಂದ ಮೇಲೆ ಹಿಟ್ಟಿನಂಥ ಅಲ್ಪಾಯುಷಿ ಸರಕಿಗೆ ಹೊಸ ದಾರಿ ತೆರೆದಿದೆ. ಆದರೆ ಐದು ರೂಪಾಯಿಯ ಬಿಸ್ಕತ್ತಿಗೆ ಅಲ್ಲಿ ಜಾಗ ಕಷ್ಟ, ತಲುಪಿಸುವ ವೆಚ್ಚವೇ ಅದರ ಬೆಲೆಗಿಂತ ಹೆಚ್ಚು.

ಕಾನೂನು ಅಂಶ ಏನು ಮಾಡಬಲ್ಲದು ಎಂಬುದಕ್ಕೆ 2015ರ ಮ್ಯಾಗಿ ಪ್ರಕರಣದಷ್ಟು ವಿವರವಾದ ಪಾಠ ಭಾರತದಲ್ಲಿ ಇನ್ನೊಂದಿಲ್ಲ. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ಆಹಾರ ಅಧಿಕಾರಿಗಳು ಸಂಗ್ರಹಿಸಿದ ನೂಡಲ್ಸ್ ಮಾದರಿಯಲ್ಲಿ ಹತ್ತು ಲಕ್ಷಕ್ಕೆ 17.2 ಭಾಗದಷ್ಟು ಸೀಸ ಇದೆ ಎಂದು ಪ್ರಯೋಗಾಲಯದ ವರದಿ ಹೇಳಿತು. ಅನುಮತಿ ಇದ್ದದ್ದು 2.5 ಭಾಗಕ್ಕೆ. ಪೊಟ್ಟಣದ ಮೇಲೆ 'ಎಂಎಸ್‌ಜಿ ಸೇರಿಸಿಲ್ಲ' ಎಂದು ಇತ್ತು, ಪರೀಕ್ಷೆಯಲ್ಲಿ ಮಾತ್ರ ಅದು ಕಂಡುಬಂತು. ಈ ರುಚಿವರ್ಧಕಕ್ಕೆ ಸಂಬಂಧಿಸಿದ ಗ್ಲುಟಮೇಟ್ ಟೊಮೇಟೊ, ಈರುಳ್ಳಿಯಂಥ ಪದಾರ್ಥಗಳಲ್ಲಿ ಸಹಜವಾಗಿಯೇ ಇರುತ್ತದೆ ಎಂಬುದು ಕಂಪನಿಯ ವಾದ. ಜೂನ್ 5ರಂದು ಆಹಾರ ಸುರಕ್ಷತಾ ಪ್ರಾಧಿಕಾರ ತಯಾರಿಕೆ, ಮಾರಾಟ ಎರಡನ್ನೂ ನಿಲ್ಲಿಸಿತು. ದೇಶದ ಲಕ್ಷಾಂತರ ಅಂಗಡಿಗಳಿಂದ ಪೊಟ್ಟಣಗಳನ್ನು ಹಿಂದಕ್ಕೆ ತರಿಸಿ, 30 ಸಾವಿರ ಟನ್‌ಗಿಂತ ಹೆಚ್ಚು ನೂಡಲ್ಸನ್ನು ಸುಡಬೇಕಾಯಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ನೆಸ್ಲೆ ಇಂಡಿಯಾ 64 ಕೋಟಿ ರೂಪಾಯಿಗೂ ಹೆಚ್ಚು ನಷ್ಟ ತೋರಿಸಿತು.

ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದು ಮಾಡಿತು. ಕಂಪನಿಗೆ ತನ್ನ ಮಾತು ಹೇಳಲು ಸರಿಯಾದ ಅವಕಾಶ ಕೊಟ್ಟಿರಲಿಲ್ಲ, ಪರೀಕ್ಷೆ ನಡೆದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆ ಇರಲಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣ. ಮಾನ್ಯತೆ ಪಡೆದ ಮೂರು ಪ್ರಯೋಗಾಲಯಗಳಲ್ಲಿ ಹೊಸದಾಗಿ ಪರೀಕ್ಷಿಸಿದಾಗ ಸೀಸ ಮಿತಿಯೊಳಗೇ ಇತ್ತು. ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ತಯಾರಿಕೆ ಮತ್ತೆ ಶುರುವಾಗಿ ನವೆಂಬರ್‌ನಲ್ಲಿ ಮ್ಯಾಗಿ ಅಂಗಡಿಗೆ ಮರಳಿತು. ಅಷ್ಟರಲ್ಲಿ ಪ್ರತಿಸ್ಪರ್ಧಿಗಳು ಖಾಲಿ ಕಪಾಟುಗಳನ್ನು ತುಂಬಿದ್ದರು. ಕಂಪನಿ ಮೊದಲ ಸ್ಥಾನವನ್ನು ಮತ್ತೆ ಹಿಡಿದರೂ ಮೊದಲಿನ ಪಾಲು ಪೂರ್ತಿಯಾಗಿ ಮರಳಲಿಲ್ಲ. ಮೊಕದ್ದಮೆ ಗೆದ್ದ ಕಂಪನಿಯೂ ಐದು ತಿಂಗಳ ಮಾರಾಟವನ್ನು ಕಳೆದುಕೊಂಡದ್ದು ಇಲ್ಲಿ ಗಮನಿಸಬೇಕಾದ ಸಂಗತಿ. ಕಾನೂನಿನ ಅಪಾಯವನ್ನು ದಂಡದ ಮೊತ್ತದಿಂದ ಅಳೆಯುವವರು ಇದನ್ನು ಕಾಣುವುದಿಲ್ಲ. ನಿಜವಾದ ವೆಚ್ಚ ಕಪಾಟು ಖಾಲಿ ಇದ್ದ ದಿನಗಳಲ್ಲಿ ಇರುತ್ತದೆ. ಪ್ರತಿ ತಂಡದ ಹಿಟ್ಟಿನ, ಮಸಾಲೆಯ ಪರೀಕ್ಷಾ ದಾಖಲೆಗಳನ್ನು ಇಟ್ಟುಕೊಳ್ಳುವುದು, ಯಾವ ಪೊಟ್ಟಣ ಯಾವ ವಿತರಕನಲ್ಲಿದೆ ಎಂದು ತಿಳಿದಿರುವುದು, ಸಮರ್ಥಿಸಿಕೊಳ್ಳಲಾಗದ ಮಾತನ್ನು ಲೇಬಲ್‌ನಲ್ಲಿ ಹಾಕದಿರುವುದು, ಇವಕ್ಕೆ ಆಗುವ ಖರ್ಚು ಅದರ ಮುಂದೆ ಸಣ್ಣದು.

ಕಾನೂನು ಬದಲಾದಾಗ ಪಾಕವೂ ಬದಲಾಗುತ್ತದೆ. ಹೃದಯಕ್ಕೆ ಹಾನಿ ಮಾಡುವ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ಎಣ್ಣೆ ಮತ್ತು ಕೊಬ್ಬುಗಳಲ್ಲಿ 2021ರಲ್ಲಿ ಶೇ 3ಕ್ಕೆ, 2022ರಲ್ಲಿ ಶೇ 2ಕ್ಕೆ ಇಳಿಸಲಾಯಿತು. ಜನಾರೋಗ್ಯಕ್ಕೆ ಇದು ದೊಡ್ಡ ಗೆಲುವು. ಹಳೆಯ ಬಗೆಯ ವನಸ್ಪತಿ ಬಳಸುತ್ತಿದ್ದವರು ಕೋಣೆಯ ಉಷ್ಣತೆಯಲ್ಲೇ ಅರೆಗಟ್ಟಿಯಾಗಿರುವ ಕೊಬ್ಬನ್ನು ಹುಡುಕಬೇಕಾಯಿತು, ಅಂಥದ್ದು ಸುಲಭವಾಗಿ ಸಿಗುವುದು ತಾಳೆ ಎಣ್ಣೆಯಿಂದ. ಹೀಗೆ ಆರೋಗ್ಯದ ಒಂದು ಕಾನೂನು ಇಂಡೊನೇಷ್ಯಾದ ಮೇಲಿನ ಅವಲಂಬನೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಪೆಸ್ಟಲ್‌ನ ಆರು ಅಂಶಗಳನ್ನು ಆರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟವರಿಗೆ ಈ ಸಂಬಂಧ ಕಾಣುವುದೇ ಇಲ್ಲ. ಮುಂದೆ ಬರಲಿರುವ ಕಾನೂನಿನ ದಿಕ್ಕನ್ನು ಬೇರೆ ದೇಶಗಳಿಂದ ಊಹಿಸಬಹುದು. ಸಕ್ಕರೆ, ಉಪ್ಪು, ಕೊಬ್ಬು ಮಿತಿ ಮೀರಿದ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಂಟುಮೂಲೆಯ ಮುದ್ರೆ ಹಾಕುವುದನ್ನು ಚಿಲಿ ದೇಶ 2016ರಲ್ಲಿ ಕಡ್ಡಾಯ ಮಾಡಿತು. ಭಾರತದ ಪ್ರಾಧಿಕಾರ 2022ರ ಕರಡಿನಲ್ಲಿ ನಕ್ಷತ್ರಗಳ ಶ್ರೇಣಿಯನ್ನು ಸೂಚಿಸಿತ್ತು. ಮುದ್ರೆಯೋ ನಕ್ಷತ್ರವೋ ಎಂಬ ಆಯ್ಕೆ ಕಂಪನಿಗಳಿಗೆ ಬಹಳ ಮುಖ್ಯ. ನಕ್ಷತ್ರ ಬಂದರೆ ಸ್ವಲ್ಪ ನಾರಿನಂಶ ಸೇರಿಸಿ ಅಂಕ ಏರಿಸಿಕೊಳ್ಳಬಹುದು. ಕಪ್ಪು ಮುದ್ರೆಯನ್ನು ತೆಗೆಸಬೇಕಾದರೆ ಸಕ್ಕರೆಯನ್ನೇ ಇಳಿಸಬೇಕು. ಕೊಳ್ಳುವವರಿಗೆ ನೆರವಾಗುವುದು ಎರಡನೆಯದೇ.

ಪರಿಸರದ ಅಂಶ ಮೊದಲು ತಟ್ಟುವುದು ಪೊಟ್ಟಣಕ್ಕೆ. ಚಿಪ್ಸ್ ಪೊಟ್ಟಣವಾಗಲಿ ರಿಟಾರ್ಟ್ ಚೀಲವಾಗಲಿ ಒಂದೇ ವಸ್ತುವಿನಿಂದ ಆದದ್ದಲ್ಲ. ಗಾಳಿ, ಬೆಳಕು, ತೇವ ಮೂರನ್ನೂ ತಡೆಯಲು ಬೇರೆ ಬೇರೆ ಪ್ಲಾಸ್ಟಿಕ್ ಮತ್ತು ಲೋಹದ ಪದರಗಳನ್ನು ಅಂಟಿಸಿರುತ್ತಾರೆ. ಆಹಾರ ಕೆಡದಂತೆ ಕಾಯುವ ಆ ಪದರಗಳನ್ನು ಬಿಡಿಸಿ ಮರುಬಳಕೆ ಮಾಡುವುದು ಬಹಳ ಕಷ್ಟ. ಚಿಂದಿ ಆಯುವವರೂ ಅವನ್ನು ಎತ್ತುವುದಿಲ್ಲ, ಗುಜರಿಯಲ್ಲಿ ಅವಕ್ಕೆ ಬೆಲೆ ಇಲ್ಲ. 2022ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಪ್ಲಾಸ್ಟಿಕ್ ಪೊಟ್ಟಣ ಮಾರುಕಟ್ಟೆಗೆ ಬಿಡುವ ಕಂಪನಿಯೇ ಅಷ್ಟು ಪ್ಲಾಸ್ಟಿಕ್‌ನ ವಿಲೇವಾರಿಯ ಹೊಣೆ ಹೊರಬೇಕು. ಬಹುಪದರದ ಪೊಟ್ಟಣಕ್ಕೆ ಪ್ರತ್ಯೇಕ ವರ್ಗವೇ ಇದೆ. ಹಿಂದೆ ನಗರಸಭೆಯ ತಲೆನೋವಾಗಿದ್ದದ್ದು ಈಗ ಕಂಪನಿಯ ಲೆಕ್ಕಪುಸ್ತಕದಲ್ಲಿ ವೆಚ್ಚವಾಗಿ ಕಾಣಿಸುತ್ತದೆ.

ಅದೇ ವರ್ಷ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳ ಜೊತೆಗೆ ಸ್ಟ್ರಾ ಕೂಡ ನಿಷೇಧವಾಯಿತು. ಹತ್ತು ರೂಪಾಯಿಯ ಮಾವಿನ ರಸದ ಡಬ್ಬಿಗೆ ಅಂಟಿಸಿದ ಪುಟ್ಟ ಕೊಳವೆ ಇಲ್ಲದೆ ಆ ಸರಕೇ ಇಲ್ಲ. ದೊಡ್ಡ ಕಂಪನಿಗಳು ಗಡುವು ಮುಂದೂಡಲು ಕೇಳಿಕೊಂಡವು, ಸರ್ಕಾರ ಒಪ್ಪಲಿಲ್ಲ. ದೇಶದಲ್ಲಿ ಸಾಕಷ್ಟು ಕಾಗದದ ಸ್ಟ್ರಾ ತಯಾರಾಗುತ್ತಿರಲಿಲ್ಲ, ಹೊರದೇಶಗಳಿಂದ ಹೆಚ್ಚು ಬೆಲೆಗೆ ತರಿಸಬೇಕಾಯಿತು. ಹತ್ತು ರೂಪಾಯಿಯ ಬೆಲೆಯನ್ನು ಏರಿಸುವಂತಿರಲಿಲ್ಲ. ಸ್ಟ್ರಾ ಮೇಲಿನ ಹೆಚ್ಚುವರಿ ಪೈಸೆಗಳು ನೇರವಾಗಿ ಲಾಭದಿಂದಲೇ ಹೋದವು. ನಿಷೇಧದ ಸೂಚನೆ ಹೊರಬಿದ್ದದ್ದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ. ಪೆಸ್ಟಲ್ ಪಟ್ಟಿಯನ್ನು ವರ್ಷಕ್ಕೊಮ್ಮೆ ಬರೆದು ಕಪಾಟಿಗೆ ಸೇರಿಸುವ ಬದಲು ಪ್ರತಿ ಸೂಚನೆಯ ಎದುರು ಒಂದು ದಿನಾಂಕ ಮತ್ತು ಒಬ್ಬ ಹೊಣೆಗಾರರ ಹೆಸರು ಬರೆದಿಟ್ಟುಕೊಂಡ ಕಂಪನಿಗೆ ಸ್ಟ್ರಾ ಹುಡುಕಲು ಹತ್ತು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತಿತ್ತು.

ಹವಾಮಾನದ ಪೆಟ್ಟಿಗೆ ಅಂಥ ಮುನ್ಸೂಚನೆ ಇರುವುದಿಲ್ಲ. 2022ರ ಮಾರ್ಚ್, ಹವಾಮಾನ ಇಲಾಖೆಯ 122 ವರ್ಷಗಳ ದಾಖಲೆಯಲ್ಲೇ ಅತಿ ಬಿಸಿಯಾದ ಮಾರ್ಚ್. ಪಂಜಾಬ್, ಹರಿಯಾಣದಲ್ಲಿ ಗೋಧಿಯ ಕಾಳು ಹಾಲುಗಟ್ಟುವ ಹೊತ್ತಿಗೇ ಬಿಸಿಗಾಳಿ ಬೀಸಿ ಕಾಳು ಚಿಕ್ಕದಾಯಿತು. ಹಿಂದಿನ ವರ್ಷ 433 ಲಕ್ಷ ಟನ್ ಗೋಧಿ ಕೊಂಡಿದ್ದ ಸರ್ಕಾರಕ್ಕೆ ಆ ವರ್ಷ ಸುಮಾರು 188 ಲಕ್ಷ ಟನ್ ಮಾತ್ರ ಸಿಕ್ಕಿತು. ಮೇ 13ರಂದು ಗೋಧಿ ರಫ್ತು ನಿಷೇಧವಾಯಿತು. ಹೊರದೇಶದ ಭಾರತೀಯರಿಗೆ ಗೋಧಿ ಹಿಟ್ಟು ಕಳಿಸುತ್ತಿದ್ದ ಕಂಪನಿಗಳಿಗೆ ಆಗಸ್ಟ್‌ನಲ್ಲಿ ಹಿಟ್ಟಿನ ರಫ್ತಿನ ಮೇಲೂ ನಿರ್ಬಂಧ ಬಂತು. ದೇಶದೊಳಗೆ ಗೋಧಿ ಬೆಲೆ ಏರುತ್ತಲೇ ಹೋದಾಗ 2023ರ ಜೂನ್‌ನಲ್ಲಿ ವ್ಯಾಪಾರಿಗಳು ಮತ್ತು ಹಿಟ್ಟಿನ ಗಿರಣಿಗಳು ಎಷ್ಟು ದಾಸ್ತಾನು ಇಡಬಹುದು ಎಂಬುದಕ್ಕೂ ಸರ್ಕಾರ ಮಿತಿ ಹಾಕಿತು. ತುಟ್ಟಿಯಾಗುವ ಮುಂಚೆ ಗೋಧಿ ಕೊಂಡು ಗೋದಾಮು ತುಂಬಿಡುವ ಮಾಮೂಲಿ ಉಪಾಯಕ್ಕೆ ಹೀಗೆ ಮೇರೆ ಬಿತ್ತು. ಆಗ ತಯಾರಕರಿಗೆ ಉಳಿದದ್ದು ಬೇರೆ ಬೇರೆ ರಾಜ್ಯಗಳ ಮಂಡಿಗಳಿಂದ ಸ್ವಲ್ಪ ಸ್ವಲ್ಪವಾಗಿ ಕೊಳ್ಳುವುದು, ಸರ್ಕಾರ ತನ್ನ ಉಗ್ರಾಣದಿಂದ ಗೋಧಿ ಹರಾಜು ಹಾಕಿದಾಗ ಅದರಲ್ಲಿ ಭಾಗವಹಿಸುವುದು, ಅದೂ ಸಾಲದಿದ್ದರೆ ಪೊಟ್ಟಣದಿಂದ ಇನ್ನಷ್ಟು ಗ್ರಾಂ ಕಡಿಮೆ ಮಾಡುವುದು.